ನಾಲ್ಕನೆಯ ಕಾಲಂ

ಅನುವಾದದ ಆಫೀಸಿನಲ್ಲಿ ದೊಡ್ಡಕ್ಕನಿಗೆ ಕಂಡರಾಗದ ವಸ್ತುಗಳು ಹಲವಿದ್ದವು. ಕಾಲು ಅಲ್ಲಾಡುವ ಸ್ಟೂಲು, ಕಿರುಗುಡುವ ಫ್ಯಾನು, ಎಂಟು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಗಿರಾಕಿಗಳು ತರುವ ಜನನ ಪತ್ರಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಂಡರಾಗದ್ದು ಎದುರು ಮೇಜಿನ ಹುಡುಗಿಯ ನೋಟುಬುಕ್ಕು.

ಹುಡುಗಿ ಎಂದರೆ ಇಪ್ಪತ್ತೆಂಟು ವರ್ಷದವಳು, ಒಂದು ಮಗುವಿನ ತಾಯಿ. ಅವಳ ನೋಟುಬುಕ್ಕಿನ ನಾಲ್ಕೂ ಕಡೆಯಿಂದ ಕಾಗದದ ಚೂರುಗಳು ನಾಲಗೆ ಚಾಚಿಕೊಂಡಿರುತ್ತಿದ್ದವು. ಅದಕ್ಕೇ ದೊಡ್ಡಕ್ಕ ಅವಳಿಗೆ ‘ಚೀಟಿ’ ಎಂದು ಹೆಸರಿಟ್ಟಿದ್ದಳು. ಹೆಸರು ಅಂಟಿಕೊಂಡಿತು. ಯಜಮಾನರೂ ಹಾಗೇ ಕರೆಯತೊಡಗಿದರು.

ಚೀಟಿ ಅರಬ್ಬಿಯಲ್ಲಿ ಕರಡು ಬರೆಯುವಳು. ಮದುವೆ ಪತ್ರ, ಆಸ್ಪತ್ರೆಯ ವರದಿ, ಅಧಿಕಾರ ಪತ್ರ. ದೊಡ್ಡಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಂಪು ಪೆನ್ನಿನಿಂದ ತಿದ್ದುವಳು. ತಿದ್ದಿದ ಹಾಳೆ ಕೈಗೆ ಬಂದ ಮೇಲೆ ಚೀಟಿ ತೆಪ್ಪಗಿರುತ್ತಿರಲಿಲ್ಲ. ಆ ನೋಟುಬುಕ್ಕು ತೆರೆದು, ಒಂದೊಂದೇ ತಪ್ಪನ್ನು ಗೀಟು ಹಾಕಿದ ಕಾಲಂಗಳಲ್ಲಿ ಇಳಿಸುವಳು. ತಾರೀಖು, ನಾನು ಬರೆದದ್ದು, ಸರಿಯಾದದ್ದು, ಯಾಕೆ ಆಯಿತು, ಎಷ್ಟನೇ ಸಲ.

“ಏನೇ ಅದು, ಪಾಪದ ಪಟ್ಟಿನಾ? ಮೇಲಿನವನಿಗೆ ಯಾವಾಗ ಒಪ್ಪಿಸ್ತೀಯ?” ಎಂದು ದೊಡ್ಡಕ್ಕ ಹಂಗಿಸುವಳು.

“ಇಲ್ಲ ಅಕ್ಕ, ಮತ್ತೆ ಮತ್ತೆ ಆಗೋದು ಯಾವುದು ಅಂತ ಗೊತ್ತಾಗ್ಲಿ ಅಂತ,” ಎನ್ನುವಳು ಚೀಟಿ, ತಲೆ ಎತ್ತದೆ.

ಮತ್ತೆ ಮತ್ತೆ ಆಗುವುದಂತೆ! ತಲೆಯಲ್ಲಿ ನಿಲ್ಲದವರು ಕಾಗದದ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷ ಕೆಂಪು ಪೆನ್ನು ಹಿಡಿದ ದೊಡ್ಡಕ್ಕನಿಗೆ ಇಂಥ ಊರುಗೋಲು ಎಂದೂ ಬೇಕಾಗಿರಲಿಲ್ಲ.

ಬೇಕಾಗುವಂತೆ ಮಾಡಿದ್ದು ಹೊಸ ನಿಯಮ. ಪರವಾನಗಿ ಪರೀಕ್ಷೆ ಪಾಸಾದವರು ಪರಿಶೀಲಿಸಿ ಸಹಿ ಹಾಕದ ಅನುವಾದ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಎಂದಾಯಿತು. ದೊಡ್ಡಕ್ಕ ತಮಾಷೆ ನೋಡಲು ಹೋದಂತೆ ಪರೀಕ್ಷೆಗೆ ಹೋದಳು. ಫೇಲಾದಳು. ಎರಡನೆಯ ಸಲ ಸ್ವಲ್ಪ ಬಿಗಿಯಾಗಿ ಹೋದಳು. ಆಗಲೂ ಫೇಲು. ಎರಡನೆಯ ಸಲ ಅವಳ ಜೊತೆ ಬರೆದ ಚೀಟಿ ಪಾಸಾದಳು.

ಯಜಮಾನರು ಮೇಜಿನ ಮೇಲಿನ ಸ್ಟೇಪ್ಲರನ್ನು ಅತ್ತಿತ್ತ ಸರಿಸುತ್ತ ಮಾತಾಡಿದರು. “ನೋಡಿ ದೊಡ್ಡಕ್ಕ, ಇನ್ನೊಂದೇ ಅವಕಾಶ ಇರೋದು. ಇದೂ ಹೋದ್ರೆ ಮತ್ತೆ ಎರಡು ವರ್ಷ ಕೂರೋ ಹಾಗಿಲ್ಲ. ಆಮೇಲೆ ಆ ಕಿಟಕಿ ಕುರ್ಚಿ ಚೀಟಿಗೇ ಕೊಡ್ಬೇಕಾಗುತ್ತೆ. ನನ್ನ ಕೈಲಿ ಏನಿದೆ ಹೇಳಿ?”

“ನಿಮ್ಮ ಕೈಲಿ ಸ್ಟೇಪ್ಲರ್ ಇದೆ,” ಎಂದು ದೊಡ್ಡಕ್ಕ ಎದ್ದು ಬಂದಳು.

ಪರೀಕ್ಷಾ ಮಂಡಳಿಯಲ್ಲಿ ಅರ್ಜಿ ಕೊಟ್ಟರೆ ತಿದ್ದಿದ ಉತ್ತರ ಪತ್ರಿಕೆ ತೋರಿಸುತ್ತಿದ್ದರು. ಗಾಜಿನ ಕಿಂಡಿಯ ಮುಂದೆ ನಿಂತು ದೊಡ್ಡಕ್ಕ ತನ್ನದನ್ನು ನೋಡಿದಳು. ಪುಟದ ತುಂಬ ಕೆಂಪು. ಬೇರೊಬ್ಬರ ಕೆಂಪು. ತಪ್ಪುಗಳೋ, ನಾಚಿಕೆಗೇಡು! ಅರಬ್ಬಿಯಲ್ಲಿ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬಂದರೆ, ಬಂದವರು ನೂರು ಜನರಾದರೂ ಕ್ರಿಯಾಪದ ಏಕವಚನದಲ್ಲೇ ಇರಬೇಕು. ವಸ್ತುಗಳು ಎಷ್ಟೇ ಇದ್ದರೂ ಅವುಗಳ ಕ್ರಿಯಾಪದ ಒಬ್ಬ ಹೆಂಗಸಿಗೆ ಬಳಸುವ ರೂಪದಲ್ಲಿರಬೇಕು. ಇದನ್ನು ಅವಳು ಚೀಟಿಗೆ ನೂರು ಸಲ ಹೇಳಿಕೊಟ್ಟಿದ್ದಳು. ಇಲ್ಲಿ ತಾನೇ ಏಳು ಕಡೆ ಎಡವಿದ್ದಳು. ಬೇರೆಯವರ ವಾಕ್ಯದಲ್ಲಿ ಮೈಲಿ ದೂರದಿಂದ ಕಾಣುವುದು ತನ್ನ ವಾಕ್ಯದಲ್ಲಿ ಮೂಗಿನ ಕೆಳಗಿದ್ದರೂ ಕಂಡಿರಲಿಲ್ಲ. ಯೋಚಿಸಿದರೆ, ಹತ್ತೊಂಬತ್ತು ವರ್ಷದಲ್ಲಿ ಅವಳು ತಿದ್ದಿದ್ದೇ ಹೆಚ್ಚು, ಸ್ವಂತ ಬರೆದದ್ದು ಕಡಿಮೆ. ಬರೆದದ್ದನ್ನು ತಿದ್ದುವವರಂತೂ ಯಾರೂ ಇರಲಿಲ್ಲ.

ಅವಳು ಅಂಗಡಿಗೆ ಹೋಗಿ ರಟ್ಟಿನ ಹೊದಿಕೆಯ, ದಪ್ಪ ಹಾಳೆಯ ಪುಸ್ತಕ ಕೊಂಡಳು. ಮಾಡುವುದೇ ಆದರೆ ಚೀಟಿಯ ಹಾಗೆ ಕಸದ ಬುಟ್ಟಿ ಮಾಡುವುದಿಲ್ಲ, ಪುಸ್ತಕವೆಂದರೆ ಹೇಗಿರಬೇಕು ಅಂತ ತೋರಿಸುತ್ತೇನೆ ಎಂದುಕೊಂಡಳು.

ಊಟದ ಮೇಜಿನ ಮೇಲೆ ಸ್ಕೇಲು ಇಟ್ಟು ಗೀಟು ಎಳೆಯುವಾಗ ಅತ್ತೆ ಬಂದು ಇಣುಕಿದರು.

“ಏನಮ್ಮ ಅದು?”

“ನನ್ನ ತಪ್ಪುಗಳನ್ನ ಬರೆದಿಟ್ಕೊಳ್ಳೋಕೆ, ಅತ್ತೆ.”

ಅತ್ತೆ ಪುಸ್ತಕದ ದಪ್ಪವನ್ನು ಎರಡು ಬೆರಳಿನಲ್ಲಿ ಅಳೆದರು. “ಒಂದು ಸಾಕಾ? ಕೇಳಿದ್ರೆ ನೀನು ಮದುವೆಯಾಗಿ ಬಂದ ವರ್ಷದಿಂದ ನಾನೇ ಹೇಳ್ತಾ ಬರ್ತಿದ್ದೆ, ಪುಕ್ಕಟೆ.”

ಬರೆದದ್ದನ್ನು ಯಾರು ನೋಡಬೇಕು ಎನ್ನುವುದೇ ಕಷ್ಟದ ಪ್ರಶ್ನೆಯಾಯಿತು. ತನ್ನ ಕಣ್ಣಿಗೆ ಕಾಣದ್ದನ್ನು ತಾನೇ ಹೇಗೆ ಪಟ್ಟಿ ಮಾಡುವುದು? ಯಜಮಾನರು ಸುಲಭವಾಗಿ ಹೇಳಿಬಿಟ್ಟರು: “ಚೀಟಿ ನೋಡ್ತಾಳೆ.” ದೊಡ್ಡಕ್ಕನಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಯಿತು. ದಿನಾ ಬೆಳಿಗ್ಗೆ ಒಂದು ಪುಟದ ಪತ್ರ ಬರೆದು ತಂದು, ಬಿಲ್ಲು ಕೊಡುವವಳಂತೆ ಮುಖ ತಿರುಗಿಸಿ, ಎದುರು ಮೇಜಿನ ಮೇಲೆ ಎಸೆಯುವಳು. ಚೀಟಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಮಾಡಿ ಹಿಂದಕ್ಕೆ ಕೊಡುವಳು. ಕೆಂಪು ಬಳಸುತ್ತಿರಲಿಲ್ಲ. ಆ ಮರ್ಯಾದೆ ದೊಡ್ಡಕ್ಕನನ್ನು ಇನ್ನಷ್ಟು ಉರಿಸುತ್ತಿತ್ತು.

ಆರು ವಾರ ಕಳೆಯಿತು. ಪುಸ್ತಕ ನಿಜಕ್ಕೂ ಚೆಂದವಾಯಿತು. ತಪ್ಪು ರೂಪ ಕಪ್ಪಿನಲ್ಲಿ, ಸರಿ ರೂಪ ಹಸಿರಿನಲ್ಲಿ, ಅಕ್ಷರ ಕೆತ್ತಿದಂತೆ. ಆದರೆ ಬೆಳಗಿನ ಪತ್ರಗಳ ಮೇಲೆ ಪೆನ್ಸಿಲ್ ಗುರುತುಗಳು ಮೊದಲಿದ್ದಷ್ಟೇ ಇದ್ದವು. ಪರೀಕ್ಷೆಗೆ ಉಳಿದದ್ದು ಹದಿನೆಂಟು ದಿನ.

ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿದ ಮೇಲೆ, ದೊಡ್ಡಕ್ಕ ತಾನಾಗಿಯೇ ಪುಸ್ತಕವನ್ನು ಚೀಟಿಯ ಮುಂದೆ ತಳ್ಳಿದಳು. “ನೋಡು. ಕಲಿ. ಬರೆಯೋದು ಅಂದ್ರೆ ಹೀಗೆ.”

ಚೀಟಿ ಕೈ ಒರೆಸಿಕೊಂಡು ಪುಟ ತಿರುವಿದಳು. ಬಹಳ ಹೊತ್ತು ತಿರುವಿದಳು. “ಅಕ್ಷರ ಮುತ್ತಿನ ಹಾಗಿದೆ ಅಕ್ಕ.”

“ಅದು ನಂಗೊತ್ತು.”

“ಒಂದು ಕೇಳ್ಲಾ? ಬೈಯ್ಬಾರ್ದು.”

“ಬೈಯೋದು ಬಿಡೋದು ಕೇಳಿದ ಮೇಲೆ.”

“ಈ ನಾಲ್ಕನೇ ಕಾಲಂ. ಯಾಕೆ ಆಯ್ತು ಅನ್ನೋದ್ರಲ್ಲಿ ಈಚಿನ ಎರಡು ವಾರದಲ್ಲೇ ಇಪ್ಪತ್ತಾರು ಕಡೆ ‘ಅವಸರ’ ಅಂತ ಬರೆದಿದ್ದೀರಿ. ಹನ್ನೊಂದು ಕಡೆ ‘ಗಮನ ತಪ್ಪಿತು’. ಒಂದು ಕಡೆ ‘ಅತ್ತೆ ಕರೆದರು’.”

“ಕರೆದಿದ್ರು ಕಣೆ.”

“ಇರ್ಬಹುದು. ಆದ್ರೆ ಅವಸರದಲ್ಲಿ ನೀವು ಕಾಗುಣಿತ ತಪ್ಪಿಲ್ಲ, ಅಂಕಿ ತಪ್ಪಿಲ್ಲ, ಹೆಸರು ತಪ್ಪಿಲ್ಲ. ಅವಸರ ಆದಾಗೆಲ್ಲ ಕ್ರಿಯಾಪದದ ಈ ಎರಡು ನಿಯಮಾನೇ ಯಾಕೆ ತಪ್ಪುತ್ತೆ? ಅವಸರ ಹೇಗೆ ಇವೆರಡನ್ನೇ ಹುಡುಕ್ಕೊಂಡು ಬರುತ್ತೆ?”

ಫ್ಯಾನು ಕಿರುಗುಟ್ಟಿತು. ದೊಡ್ಡಕ್ಕ ಪುಸ್ತಕ ಕಿತ್ತುಕೊಂಡಳು. “ಪಾಸಾದ ಮೇಲೆ ನಾಲಗೆಗೂ ಪರವಾನಗಿ ಕೊಟ್ರಾ ನಿಂಗೆ? ಹೋಗು, ಆ ಆಸ್ಪತ್ರೆ ವರದಿ ಮುಗಿಸು.”

ಚೀಟಿ ಹೋಗಿ ಆಸ್ಪತ್ರೆಯ ವರದಿ ಮುಗಿಸಿದಳು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ದೊಡ್ಡಕ್ಕ ಎರಡು ಸಲ ಹುಡುಕಿದಳು.

ಭಾನುವಾರ ಮಧ್ಯಾಹ್ನ ಮನೆ ಖಾಲಿಯಿತ್ತು. ಗಂಡ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಈ ಹುಡುಗಿಯ ಬಾಯಿ ಮುಚ್ಚಿಸಬೇಕೆಂದೇ ದೊಡ್ಡಕ್ಕ ಕೂತಳು. ಗಡಿಯಾರ ಬೋರಲು ಹಾಕಿದಳು. ಅವಸರವೇ ಇಲ್ಲದೆ, ಒಂದೊಂದು ಪದಕ್ಕೂ ಉಸಿರು ಬಿಟ್ಟು, ಒಂದು ಪುಟ ಬರೆದಳು. ಅವಸರವಿಲ್ಲದಿದ್ದರೆ ತಪ್ಪಿಲ್ಲ ಎಂದು ನಾಳೆ ಅವಳ ಮುಖಕ್ಕೆ ಹಿಡಿಯಬೇಕು.

ಬರೆದದ್ದನ್ನು ಬೇರೆ ಯಾರದೋ ಎಂಬಂತೆ, ಕೆಂಪು ಪೆನ್ನು ಹಿಡಿದು ನೋಡಿದಳು. ನಾಲ್ಕು ತಪ್ಪು. ನಾಲ್ಕೂ ಅವೇ ಎರಡು ಬಗೆಯವು.

ಅವಳಿಗೆ ಮೊದಲು ಪೆನ್ನು ಎಸೆಯಬೇಕೆನಿಸಿತು. ಎಸೆದಳು ಕೂಡ. ಅದು ಸೋಫಾದ ಕೆಳಗೆ ಹೋಯಿತು. ಮಂಡಿಯೂರಿ ತೆಗೆದುಕೊಂಡು ಬಂದು ಇನ್ನೊಂದು ವಾಕ್ಯ ಬರೆದಳು, ಈ ಸಲ ತನ್ನನ್ನೇ ಕದ್ದು ನೋಡುತ್ತ. ‘ನೌಕರರು ನಿನ್ನೆ ಬಂದರು.’ ಪೆನ್ನು ಕಾಗದ ಮುಟ್ಟುವ ಮೊದಲೇ ತುಟಿ ಅಲ್ಲಾಡಿತು. ಮನೆಮಾತಿನಲ್ಲಿ. ಬಂದರು. ಆಮೇಲೆ ಅರಬ್ಬಿಗೆ ಬೇಕೆಂದು ಆ ‘ಬಂದರು’ ಎಂಬುದನ್ನು ಕತ್ತು ಹಿಡಿದು ವಾಕ್ಯದ ಮುಂದಕ್ಕೆ ಎಳೆದು ತಂದಳು. ಅದು ತನ್ನ ಬಹುವಚನದ ಬಾಲವನ್ನೂ ಎಳೆದುಕೊಂಡೇ ಬಂತು. ‘ಪತ್ರಗಳು ತಲುಪಿದವು’ ಎಂದು ಬರೆದು ನೋಡಿದಳು. ಅಲ್ಲೂ ಅದೇ. ಮೊದಲು ಮನೆಮಾತಿನಲ್ಲಿ ಎಣಿಸಿದಳು, ಆಮೇಲೆ ಅರಬ್ಬಿಯಲ್ಲಿ ಬರೆದಳು.

ಎರಡು ತಪ್ಪಲ್ಲ. ಒಂದೇ. ಹತ್ತೊಂಬತ್ತು ವರ್ಷದಿಂದ ಅವಳು ಅರಬ್ಬಿ ಬರೆದಿರಲೇ ಇಲ್ಲ. ಮನೆಮಾತಿಗೆ ಅರಬ್ಬಿಯ ಅಂಗಿ ತೊಡಿಸುತ್ತಿದ್ದಳು, ಅಷ್ಟೆ. ಅಷ್ಟಕ್ಕೇ ಕಿಟಕಿ ಪಕ್ಕದ ಕುರ್ಚಿ, ಕೆಂಪು ಪೆನ್ನು, ಊರಿನವರಿಗೆಲ್ಲ ಬುದ್ಧಿ. ಚೀಟಿಯ ಮೇಲೆ ಸುರಿದಿದ್ದ ತಾತ್ಸಾರವೆಲ್ಲ ವಾಪಸು ಬಂದು ತನ್ನ ಮಡಿಲಲ್ಲೇ ಕೂತಿತು. ಅದರ ಭಾರ ಅವಳಿಗೆ ಅಪರಿಚಿತವೇನೂ ಆಗಿರಲಿಲ್ಲ. ಇಷ್ಟು ದಿನ ಬೇರೆಯವರಿಗೆ ಹೊರಿಸಿದ್ದು ಅದನ್ನೇ.

ಚೆಂದದ ಪುಸ್ತಕವನ್ನು ಕಪಾಟಿಗೆ ತಳ್ಳಿ, ಮಗಳ ಹಳೆಯ ಶಾಲಾ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಹೊಸದಾಗಿ ಶುರು ಮಾಡಿದಳು. ನಾಲ್ಕನೆಯ ಕಾಲಮಿನಲ್ಲಿ ಬರೆದಳು: ‘ಮೊದಲು ಮನೆಮಾತಿನಲ್ಲಿ ಎಣಿಸಿದೆ.’ ಐದನೆಯದರಲ್ಲಿ, ಎಷ್ಟು ಸಲ ಎಂದು ಸಲಕ್ಕೊಂದರಂತೆ ಗೀಟುಗಳು.

ಸೋಮವಾರ ಪತ್ರವನ್ನು ಎಸೆಯದೆ ಇಟ್ಟಳು. “ಏ ಚೀಟಿ, ನೀನು ಈ ತಪ್ಪನ್ನ ಹೇಗೆ ಹಿಡಿಯೋದು?”

ಚೀಟಿಯ ಮುಖದಲ್ಲಿ ಗೆಲುವು ಕಾಣಬಹುದೆಂದು ಕಾದಳು. ಅದೂ ಇರಲಿಲ್ಲ. ಎಂಥ ಬೋಳೇಸ್ವಭಾವದವಳಪ್ಪ! “ಬರೆಯುವಾಗ ಹಿಡಿಯೋಕಾಗಲ್ಲ ಅಕ್ಕ. ಕೊನೇಲಿ ಹದಿನೈದು ನಿಮಿಷ ಉಳಿಸ್ಕೋಬೇಕು. ಅರ್ಥ ಓದಬಾರದು. ಬಹುವಚನ ಕಂಡಲ್ಲೆಲ್ಲ ಅಡಿಗೆರೆ, ಅಲ್ಲಿಂದ ಅದರ ಕ್ರಿಯಾಪದಕ್ಕೆ ಬೆರಳು. ಅದೊಂದೇ ನೋಡ್ಬೇಕು. ಬೇರೆ ಏನಾದ್ರೂ ಕಂಡ್ರೂ ಆಮೇಲೆ.”

“ಕೂಲಿ ಕೆಲಸ.”

“ಹೌದು ಅಕ್ಕ, ಕೂಲಿ ಕೆಲಸಾನೇ.”

ಮೊದಲ ವಾರದ ಗೀಟುಗಳು: ನಾಲ್ಕು, ನಾಲ್ಕು, ಮೂರು, ಐದು, ಎರಡು. ಕೊನೆಯ ವಾರ ಒಂದು, ಸೊನ್ನೆ, ಎರಡು, ಒಂದು.

ಪರೀಕ್ಷೆಯ ಹಾಲಿನಲ್ಲಿ ಅಕ್ಕಪಕ್ಕದವರು ಕೊನೆಯ ನಿಮಿಷದವರೆಗೂ ಬರೆಯುತ್ತಿದ್ದರು. ದೊಡ್ಡಕ್ಕ ಹದಿನೈದು ನಿಮಿಷ ಮೊದಲೇ ನಿಲ್ಲಿಸಿ, ಅಕ್ಷರ ಕಲಿಯುವ ಮಗುವಿನ ಹಾಗೆ ಬೆರಳಿಟ್ಟು ಹೋದಳು. ಮೂರು ಸಿಕ್ಕವು. ಯಾರಾದರೂ ಕೇಳಿದ್ದರೆ, ಮೂರನೆಯದು ಸರಿಯಿದೆ ಎಂದು ತಲೆ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದಳು. ಬೆರಳು ಹೇಳಿತು, ಇಲ್ಲ ಅಂತ.

ಪಾಸಾದಳು. ಬೇಕಾದ ಅಂಕಕ್ಕಿಂತ ಎರಡು ಹೆಚ್ಚು. ಅತ್ತೆ ಸುದ್ದಿ ಕೇಳಿ, “ಹಾಗಾದ್ರೆ ಆ ದಪ್ಪ ಪುಸ್ತಕ ದಂಡ,” ಎಂದರು.

ಈಗ ಆಫೀಸಿನಲ್ಲಿ ಪರವಾನಗಿ ಇರುವವರು ಇಬ್ಬರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಲಿ ಎಂದರು ಯಜಮಾನರು. ಕಿಟಕಿ ಪಕ್ಕದ ಕುರ್ಚಿ ದೊಡ್ಡಕ್ಕನಿಗೇ ಉಳಿಯಿತು. ಮೊದಲ ದಿನ ಅವಳು ಬರೆದ ಅಧಿಕಾರ ಪತ್ರ ಎದುರು ಮೇಜಿನಿಂದ ವಾಪಸು ಬಂತು. ಹನ್ನೆರಡನೆಯ ಸಾಲಿನಲ್ಲಿ ಒಂದು ಸಣ್ಣ ಪೆನ್ಸಿಲ್ ಗುರುತು.

“ಕೆಂಪಲ್ಲೇ ಹಾಕು,” ಎಂದಳು ದೊಡ್ಡಕ್ಕ. “ಪೆನ್ಸಿಲ್ ನಂಗೆ ಕಾಣಲ್ಲ.”

ನೋಟುಬುಕ್ಕು ತೆರೆದು ತಾರೀಖು ಹಾಕಿದಳು. ತಪ್ಪು, ಸರಿ. ನಾಲ್ಕನೆಯ ಕಾಲಮಿನಲ್ಲಿ ತುಸು ಯೋಚಿಸಿ ‘ಸೊಕ್ಕು’ ಎಂದು ಬರೆದಳು. ಬರೆದದ್ದು ನೋಡಿ ಒಳಗೊಳಗೇ ಹಿಗ್ಗಿದಳು ಕೂಡ, ಎಂಥ ದೊಡ್ಡ ಮಾತು ಬರೆದೆನಲ್ಲ ಎಂದು. ಆಮೇಲೆ ಮುಖ ಸಿಂಡರಿಸಿ ಅದನ್ನು ಹೊಡೆದುಹಾಕಿದಳು. ಅದೂ ಅವಸರದಂಥದ್ದೇ ಒಂದು ನೆಪ. ಸೊಕ್ಕು ಅವಳಿಗೆ ಎಲ್ಲ ಸಾಲಿನಲ್ಲೂ ಇತ್ತು, ತಪ್ಪಾದದ್ದು ಹನ್ನೆರಡನೆಯದರಲ್ಲಿ ಮಾತ್ರ.

ಹನ್ನೆರಡನೆಯ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡುತ್ತದೋ ಎಂದು ನೋಡುತ್ತ, ಅವಳು ಅದನ್ನು ಮೊದಲಿನಿಂದ ಬರೆಯತೊಡಗಿದಳು.