ಮುನೇಶ್ವರನ ಲೋಟ

ದೊಡ್ಡಮುನಿಯಪ್ಪನ ಮನೆದೇವರು ಮುನೇಶ್ವರ ಸಾರಾಯಿ ಕುಡಿಯುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಪ್ರತಿ ಮಂಗಳವಾರ ಸಂಜೆ ದೇವರ ಗೂಡಿನ ಕೆಳಗೆ, ನೆಲದ ಮೇಲೆ, ಹಿತ್ತಾಳೆ ಲೋಟದ ತುಂಬ ಸಾರಾಯಿ ಇಟ್ಟು ದೊಡ್ಡಮುನಿಯಪ್ಪ ಕೈಮುಗಿಯುತ್ತಿದ್ದ. ಬೆಳಿಗ್ಗೆ ನೋಡಿದರೆ ಅರ್ಧ ಲೋಟ ಖಾಲಿ.

“ಊರಲ್ಲಿ ಯಾರ ಮನೆ ದೇವರು ಕುಡೀತಾನೆ ಹೇಳ್ರಲಾ?” ಎಂದು ಅವನು ಜಗುಲಿಯ ಮೇಲೆ ಮೀಸೆ ತಿರುವುತ್ತಿದ್ದ. ಆಗ ಅವನ ಮನೆಯಲ್ಲೇ ಇದ್ದ ಹೆಂಡತಿಯ ತಮ್ಮ ಸಂಜೀವಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದ.

ಹೆಂಡತಿ ಮುನಿವೆಂಕಟಮ್ಮನಿಗೆ ದೇವರ ಮೇಲೆ ಭಕ್ತಿಯಿತ್ತು. ಆದರೆ ಎರಡು ವರ್ಷದ ಮೊಮ್ಮಗ ಚಿಕ್ಕಮುನಿಯ ಮೇಲೆ ಕಣ್ಣೂ ಇತ್ತು. ಅವನದು ಸೌಟಿನಿಂದ ಹಿಡಿದು ಸಗಣಿಯವರೆಗೆ ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸು.

“ಆ ಲೋಟ ಮೇಲಿಡ್ರೀ. ಸೀಸೇನೂ ಪೆಟ್ಟಿಗೇಲಿಟ್ಟು ಬೀಗ ಹಾಕ್ರೀ.”

“ಎಡೆ ನೆಲದ ಮೇಲೇ ಇಡ್ಬೇಕು ಕಣೇ. ದೇವರ ಪಾಲು ಯಾವನು ಮುಟ್ತಾನೆ?”

ದೇವರ ಪಾಲು ಯಾವುದೆಂದು ಚಿಕ್ಕಮುನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ದೊಡ್ಡಮುನಿಯಪ್ಪ ನೋಡಿದರೆ ಲೋಟ ಪೂರ್ತಿ ಖಾಲಿ! “ಲೇ ಸಂಜೀವ, ಇವತ್ತು ಸ್ವಾಮಿ ಒಂದು ತೊಟ್ಟೂ ಬಿಟ್ಟಿಲ್ಲ ಕಣೋ!” ಸಂಜೀವಪ್ಪ ಇಣುಕಿ ನೋಡಿ ಬೆಪ್ಪಾಗಿ ನಿಂತ.

ಅಷ್ಟರಲ್ಲಿ ಚಿಕ್ಕಮುನಿ ಅಂಗಳಕ್ಕೆ ಬಂದ. ಕೆನ್ನೆ ಕೆಂಪು, ತೇಲುಗಣ್ಣು. ಎರಡು ಹೆಜ್ಜೆ ಇಟ್ಟು ವಾಲಿದ, ನಕ್ಕ, ಕುಂಡಿಯ ಮೇಲೆ ಕೂತ, ಎದ್ದು ಗಿರ್ರನೆ ಸುತ್ತಿದ. ಬೆಂಕಿ ಕೇಳಲು ಬಂದಿದ್ದ ಪಕ್ಕದ ಮನೆಯ ಅಮ್ಮಯಮ್ಮ ಕೆನ್ನೆ ಬಡಿದುಕೊಂಡಳು.

“ಅಯ್ಯೋ, ಮೈಮೇಲೆ ಬಂದವ್ನೆ ಮುನೇಶ್ವರ! ಸ್ವಾಮಿ, ನಮ್ಮ ಎಮ್ಮೆ ಯಾವಾಗ ಕರ ಹಾಕ್ತೈತೆ?”

ಸ್ವಾಮಿ ಒಂದು ಸಲ ಬಿಕ್ಕಳಿಸಿದ. “ಒಂದು ಅಂದ! ಒಂದು ದಿನಕ್ಕೇ!” ಎಂದು ಅಮ್ಮಯಮ್ಮ ಅಡ್ಡಬಿದ್ದಳು. ದೊಡ್ಡಮುನಿಯಪ್ಪನೂ ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಕೈಮುಗಿದ.

ರಾಗಿ ಬೀಸುತ್ತಿದ್ದ ಮುನಿವೆಂಕಟಮ್ಮ ಗದ್ದಲಕ್ಕೆ ಹೊರಬಂದಳು. ಅಷ್ಟು ಹೊತ್ತಿಗೆ ದೇವರು ಕುಣಿಯುವುದನ್ನು ಬಿಟ್ಟು ತೂಕಡಿಸುತ್ತಿದ್ದ. ಅವಳು ಮಗುವನ್ನೆತ್ತಿ ಬಾಯಿ ಮೂಸಿದಳು.

“ಮೈಮೇಲೆ ಬಂದಿರೋದು ದೇವರಲ್ಲ, ನಿಮ್ಮ ಸಾರಾಯಿ! ಗಾಡಿ ಕಟ್ರೀ!”

“ಹುಣಸೆನೀರು ಕುಡಿಸಿ ಕಕ್ಕಿಸಣ ಕಣಕ್ಕಾ,” ಎಂದಳು ಅಮ್ಮಯಮ್ಮ.

“ತೂಕಡಿಸ್ತಿರೋ ಮಗೀನ ಬಾಯಿಗೆ ನೀರು ಹುಯ್ದು ಉಸಿರು ಕಟ್ಟಿಸ್ತೀಯಾ? ದೂರ ಸರಿ!”

ಮಗುವಿನ ತಾಯಿ ಲಕ್ಕಮ್ಮ ಅಳುತ್ತಲೇ ಅವನನ್ನು ಕಂಬಳಿಯಲ್ಲಿ ಸುತ್ತಿ, ಗಾಡಿಯಲ್ಲಿ ಮಗ್ಗುಲಿಗೆ ಮಲಗಿಸಿಕೊಂಡಳು. ದಾರಿಯುದ್ದಕ್ಕೂ ಅವನ ಮೂಗಿನ ಹತ್ತಿರ ಅಜ್ಜಿಯ ಬೆರಳು. ಎತ್ತುಗಳು ಅಷ್ಟು ಬೇಗ ದೊಡ್ಡಬಳ್ಳಾಪುರ ಕಂಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಉಸಿರು, ನಾಡಿ ನೋಡಿ, ಮೈಗೆ ಇನ್ನೊಂದು ಕಂಬಳಿ ಹೊದಿಸಿ ಕೇಳಿದರು: “ಎಷ್ಟು ಕುಡಿದಿದೆ?”

“ಲೋಟ ತುಂಬ ಇಟ್ಟಿದ್ದೆ ಬುದ್ಧಿ. ಅರ್ಧ ದೇವರು ಕುಡ್ದಿರ್ತಾನೆ. ಕೆಲವು ಸಲ ಕಮ್ಮಿ, ಕೆಲವು ಸಲ ಜಾಸ್ತಿ.”

ಡಾಕ್ಟರು ಕನ್ನಡಕ ಸರಿಸಿಕೊಂಡರು. “ನೆನ್ನೆ ದೇವರು ಎಷ್ಟು ಕುಡಿದ ಅಂತ ನನಗೆ ಸರಿಯಾಗಿ ಬೇಕು.”

ಲಕ್ಕಮ್ಮ ಬಿಕ್ಕಿದಳು. ಬಾಗಿಲ ಬಳಿ ನಿಂತಿದ್ದ ಸಂಜೀವಪ್ಪ ಮಗುವಿನ ಮುಖ ನೋಡಿದ, ಭಾವನ ಕೈಯಲ್ಲಿದ್ದ ಬಾರುಕೋಲನ್ನೂ ನೋಡಿದ.

“ನಾನು ಕುಡ್ದೆ ಡಾಕ್ಟ್ರೇ. ಮುಕ್ಕಾಲು ಲೋಟ. ನೆನ್ನೆ ಸ್ವಲ್ಪ ಜಾಸ್ತಿ ಆಗೋಯ್ತು. ತಳದಾಗೆ ಎರಡು ಗುಟುಕು ಉಳಿದಿತ್ತು ಅಷ್ಟೆ.”

“ಪ್ರತಿ ವಾರಾನೂ ನೀನೇ ಏನ್ಲಾ?” ದೊಡ್ಡಮುನಿಯಪ್ಪನ ಧ್ವನಿ ಸಣ್ಣಗಾಯಿತು.

“ಹೂಂ ಭಾವ.”

“ಜಗಳ ಹೊರಗೆ,” ಎಂದರು ಡಾಕ್ಟರು. “ಎರಡು ಗುಟುಕು ನಿಮಗೆ ಬಾಯಿ ತೊಳೆಯೋಕೂ ಸಾಲದು. ಇಷ್ಟು ಸಣ್ಣ ಮೈಗೆ ಅದೇ ವಿಷ. ರಕ್ತದಲ್ಲಿರೋ ಸಕ್ಕರೆ ಇಳಿದುಹೋಗುತ್ತೆ, ಮೈ ತಣ್ಣಗಾಗುತ್ತೆ, ಉಸಿರೇ ನಿಲ್ಲಬಹುದು. ಕಕ್ಕಿಸದೆ ತಂದಿದ್ದು ಒಳ್ಳೇದಾಯ್ತು.”

ಅವರು ಸೂಜಿಯಲ್ಲಿ ಗ್ಲೂಕೋಸ್ ಕೊಟ್ಟು ಪಕ್ಕದಲ್ಲೇ ಕೂತರು. ಸಂಜೆಯ ಹೊತ್ತಿಗೆ ಚಿಕ್ಕಮುನಿ ಕಣ್ಣು ಬಿಟ್ಟು, ತಾತನ ಮೀಸೆ ಹಿಡಿದೆಳೆದು, “ಬೆಲ್ಲ” ಎಂದ. ದೊಡ್ಡಮುನಿಯಪ್ಪ ಮೀಸೆ ಬಿಡಿಸಿಕೊಳ್ಳದೆ ಅತ್ತ.

ಮುಂದಿನ ಮಂಗಳವಾರದ ಹೊತ್ತಿಗೆ ಸೀಸೆ ಅಟ್ಟದ ಮೇಲಿನ ಪೆಟ್ಟಿಗೆ ಸೇರಿತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಮುನಿವೆಂಕಟಮ್ಮನ ಸೊಂಟದಲ್ಲಿ. ಎಡೆ ಇನ್ನು ಮನೆಯೊಳಗಿಲ್ಲ. ಊರಾಚೆ ಬೇವಿನ ಮರದಡಿಯ ಮುನೇಶ್ವರನ ಕಲ್ಲಿನ ಮುಂದೆ ದೊಡ್ಡಮುನಿಯಪ್ಪ ಒಂದು ಲೋಟ ಹಿಡಿದ, ಕೈಮುಗಿದ, ಅಲ್ಲೇ ಮಣ್ಣಿಗೆ ಸುರಿದುಬಿಟ್ಟ. ಮುನಿವೆಂಕಟಮ್ಮ ಲೋಟ ಕಿತ್ತುಕೊಂಡು ತೊಳೆದು ಬೋರಲು ಹಾಕಿದಳು.

ಸಂಜೀವಪ್ಪ ಒದ್ದೆ ಮಣ್ಣನ್ನೇ ನೋಡುತ್ತ ನಿಂತಿದ್ದ.

“ಏನ್ಲಾ ನೋಡ್ತೀಯ?” ಎಂದಳು ಅಕ್ಕ.

“ಏನಿಲ್ಲಕ್ಕಾ. ದೇವರು ಈಗ ನಿಜವಾಗ್ಲೂ ಕುಡೀತಾವ್ನೆ.”