ಕೌಂಟರ್ ಇಲ್ಲದ ಬ್ಯಾಂಕು

ಮದುವೆಗಳ ವಿಡಿಯೊ ತೆಗೆಯುವ ಸೋಮಶೇಖರ ಹುಕ್ಕೇರಿಯ ಸರ್ಕಾರಿ ಬ್ಯಾಂಕಿನ ಸರದಿಯಲ್ಲಿ ದಣಿದು ನಿಂತಿದ್ದ. ಕಳೆದ ಆಷಾಢದಲ್ಲಿ ಮದುವೆಗಳಿಲ್ಲದೆ ಖಾತೆ ಬರಿದಾಗುತ್ತ ಬಂದಾಗ, ಕನಿಷ್ಠ ಮೊತ್ತ ಇಲ್ಲವೆಂದು ಇದೇ ಬ್ಯಾಂಕಿನವರು ದಂಡ ಹಾಕಿದ್ದರು. ಅವನು ಸಿಟ್ಟಿನಿಂದ ಖಾತೆಯನ್ನೇ ಮುಚ್ಚಿಸಿ, ಮೊಬೈಲಿನಲ್ಲಷ್ಟೇ ಇರುವ ಬ್ಯಾಂಕು ಸೇರಿದ್ದ. ಅಲ್ಲಿ ದಂಡವಿಲ್ಲ, ಸರದಿಯಿಲ್ಲ, ಕೌಂಟರೂ ಇಲ್ಲ. ನಾಳೆ ಕ್ಯಾಮೆರಾದ ಕಂತು ಆ ಖಾತೆಯಿಂದಲೇ ಹೋಗಬೇಕು. ಮದುವೆ ಮನೆಯವರು ಎಲೆ ಅಡಿಕೆಯೊಂದಿಗೆ ಕೈಗಿಟ್ಟದ್ದು ಮಾತ್ರ ನಗದು.

"ಮೊಬೈಲ್ ಬ್ಯಾಂಕಿನ ಖಾತೆಗೆ ಇಲ್ಲಿ ರೊಕ್ಕ ಕಟ್ಟಾಕ ಬರ್ತೈತೇನ್ರಿ?"

"ಬರಂಗಿಲ್ರಿ," ಎಂದಳು ಕ್ಯಾಶಿಯರ್. "ನಮ್ಮಲ್ಲಿ ಖಾತೆ ಇದ್ದವರ ಹೆಸರಿಗೆ ಕಟ್ರಿ, ಅವರು ಫೋನಿಂದ ನಿಮಗ ಕಳಸ್ಲಿ. ಇಲ್ಲಾಂದ್ರ ನೀವ ಇಲ್ಲೊಂದು ಖಾತೆ ತಗೀರಿ, ಕನಿಷ್ಠ ಮೊತ್ತದ ದಂಡ ಈಗ ತಗದಾರ್ರಿ."

ಅವನಿಗೆ ನಗಲೂ ತ್ರಾಣವಿರಲಿಲ್ಲ. ಹೆಂಡತಿ ಸುಜಾತಾಗೆ ಫೋನ್ ಹಚ್ಚಿದ. ಇದೇ ಬ್ಯಾಂಕಿನ ಅವಳ ಪಾಸ್‌ಬುಕ್ಕನ್ನು ವರ್ಷವಿಡೀ ಹಂಗಿಸಿದವನು ಅವನೇ.

"ನಿನ್ನ ಖಾತೆ ನಂಬರ್ ಹೇಳ. ಪೂರಾ ರೊಕ್ಕ ನಿನಗ ಕಟ್ತೇನಿ, ಹೊಳ್ಳಿ ನನಗ ಕಳಸು."

ಆಕೆ ನಂಬರ್ ಹೇಳಿ, ಮಾತು ಸೇರಿಸಿದಳು.

"ಕಂತಿನಷ್ಟ ಕಳಸ್ತೇನ್ರಿ. ಉಳದದ್ದು ಇಲ್ಲೇ ಇರ್ಲಿ. ಆಷಾಢ ಮತ್ತ ಬರ್ತೈತಿ."