ಐದು ಗಂಟೆ ಏಳು ನಿಮಿಷ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ವಾರಕ್ಕೆ ನಲವತ್ತು ಗಂಟೆ ತುಂಬಿದರಷ್ಟೇ ನಾಳೆಯ ರಜೆಗೂ ಸಂಬಳ. ಅದು ತುಂಬಲು ಅತ್ತಿಗೆಗೆ ಇಂದು ಎಂಟು ಗಂಟೆ ಬೇಕಿತ್ತು. ಬೆಳಿಗ್ಗೆ ಅವರು ಹಾಜರಿ ಕಾರ್ಡ್ ಒತ್ತಿದ್ದು ಎಂಟು ಗಂಟೆ ಎಂಟು ನಿಮಿಷಕ್ಕೆ; ಹತ್ತಿರದ ಕಾಲು ಗಂಟೆಗೆ ಸರಿಸುವ ಯಂತ್ರ ಎಂಟೂಕಾಲು ಎಂದು ಬರೆದುಕೊಂಡಿತ್ತು. ಊಟದ ಒಂದು ಗಂಟೆಗೆ ಕೂಲಿಯಿಲ್ಲ.

ಈಗ ಐದು ಗಂಟೆ ಏಳು ನಿಮಿಷ. ಅತ್ತಿಗೆ ಕಾರ್ಡ್ ಹಿಡಿದು ಯಂತ್ರದ ಮುಂದೆಯೇ ನಿಂತಿದ್ದರು. ಹೊರಗೆ ಕೊನೆಯ ಬಸ್ಸು ಹಾರ್ನ್ ಹೊಡೆಯಿತು.

“ಒತ್ತಿ ಬನ್ನಿ ಅತ್ತಿಗೆ!” ಎಂದು ಕೂಗಿದೆ.

“ಈಗ ಒತ್ತಿದ್ರೆ ಐದಕ್ಕೇ ಇಳಿಸುತ್ತೆ, ಏಳೂಮುಕ್ಕಾಲು ಗಂಟೆಯೇ ಆಗೋದು. ಒಂದು ನಿಮಿಷ ಬಸ್ಸಿಗೆ ಅಡ್ಡ ನಿಲ್ಲೇ!”

ಓಡಿಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಚಪ್ಪಲಿ ಕಿತ್ತುಹೋದವಳಂತೆ ಬಗ್ಗಿ ನಿಂತೆ. ಡ್ರೈವರ್ ಬೈದ. ಬಸ್ಸು ಅಲುಗಿತು, ನಾನು ಅಲುಗಲಿಲ್ಲ.

ಅಷ್ಟರಲ್ಲಿ ಯಂತ್ರ ಕೂಗಿತು. ಅತ್ತಿಗೆ ಓಡಿ ಬಂದರು.

“ಐದೂಕಾಲು! ಎಂಟು ಗಂಟೆ ತುಂಬ್ತು, ಬಸ್ಸು ಹತ್ತೇ ಮಾರಾಯ್ತಿ!”